ಎರಡು ಪುಟದ ಅಬ್‌ಸ್ಟ್ರಾಕ್ಟ್ ಪೇಪರ್ ಆದ ಬಗೆ

ಪಾವಗಡ ತಾಲ್ಲೂಕಿನ ಬೋರ್‌ವೆಲ್ ನೀರಿನ ಫ್ಲೋರೈಡ್ ಬಗ್ಗೆ ನಾನು ಮಾಡಿದ ಕೆಲಸ ಮೊದಲು ಹೊರಬಂದದ್ದು ಒಂದು ಸಮ್ಮೇಳನಕ್ಕೆ ಕಳಿಸಿದ ಎಕ್ಸ್‌ಟೆಂಡೆಡ್ ಅಬ್‌ಸ್ಟ್ರಾಕ್ಟ್ ಆಗಿ. ಎರಡು ಪುಟ, ಒಂದು ಟೇಬಲ್, ಒಂದು ನಕ್ಷೆ. ಹಿನ್ನೆಲೆಗೆ ನಾಲ್ಕು ಸಾಲು, ವಿಧಾನಕ್ಕೆ ಒಂದೇ ಸಾಲು, ಫಲಿತಾಂಶಕ್ಕೆ ಒಂದು ಪ್ಯಾರಾ, ಕೊನೆಗೆ ಮೂರು ಸಾಲಿನ ತೀರ್ಮಾನ. ಸಮ್ಮೇಳನ ಮುಗಿದ ಮೇಲೆ ಅದನ್ನು ಪೂರ್ಣ ಪೇಪರ್ ಮಾಡಿ ಜರ್ನಲ್‌ಗೆ ಕಳಿಸಬೇಕೆಂದು ನಮ್ಮ ಗೈಡ್ ಮೇಡಂ ಹೇಳಿದರು. ಆ ಕೆಲಸದಲ್ಲಿ ನಾನು ಕಲಿತದ್ದು ನೀರಿನ ರಸಾಯನಶಾಸ್ತ್ರದಷ್ಟೇ ಬರಹದ ಶಾಸ್ತ್ರವನ್ನೂ. ಈಗ ನನ್ನ ಬಳಿ ಬರುವ ಹುಡುಗರು ತಮ್ಮ ಎರಡು ಪುಟವನ್ನು ಹಿಗ್ಗಿಸಲು ಕೂತಾಗ, ಅಂದು ಮೇಡಂ ನನ್ನನ್ನು ನಡೆಸಿದ ದಾರಿಯಲ್ಲೇ ಅವರನ್ನೂ ನಡೆಸುತ್ತೇನೆ.

ಅಬ್‌ಸ್ಟ್ರಾಕ್ಟಿನ ಒಂದು ಪ್ರಿಂಟ್ ತೆಗೆದು, ಪ್ರತಿ ಸಾಲಿಗೂ ಪೆನ್ಸಿಲ್ಲಿನಲ್ಲಿ ನಂಬರ್ ಹಾಕಿಸಿದ್ದು ಅವರು ಮಾಡಿಸಿದ ಮೊದಲ ಕೆಲಸ. "ನೋಡಪ್ಪ, ಪ್ರತಿ ಸಾಲಿನ ಪಕ್ಕ ಬರೀ: ಇದು ನಿನಗೆ ಹೇಗೆ ಗೊತ್ತು? ಓದೋನು ಕೇಳೋದು ಅದೊಂದೇ. ಉತ್ತರ ಎಲ್ಲಿ ಕೂರಬೇಕೋ ಅದೇ ನಿನ್ನ ಸೆಕ್ಷನ್" ಅಂದರು. ಅಲ್ಲಿಯವರೆಗೆ ಪೂರ್ಣ ಪೇಪರ್ ಅಂದರೆ ಅದೇ ಮಾತನ್ನು ಎಳೆದು ಬರೆಯುವುದು ಎಂದು ನಮ್ಮ ಲ್ಯಾಬಿನಲ್ಲಿ ಬಹಳ ಜನ ತಿಳಿದಿದ್ದರು. ಪೆನ್ಸಿಲ್ ಗುರುತುಗಳು ಬೇರೆಯದನ್ನೇ ತೋರಿಸಿದವು. ಕೆಲವು ಸಾಲುಗಳ ಪಕ್ಕದ ಉತ್ತರ ಎರಡು ಪದದಲ್ಲಿ ಮುಗಿಯಿತು. ಕೆಲವಕ್ಕೆ ಮಾರ್ಜಿನ್ ಸಾಲದೆ ಹಾಳೆ ಅಂಟಿಸಬೇಕಾಯಿತು. ಯಾವ ಸಾಲಿಗೆ ಹಾಳೆ ಅಂಟಿತೋ ಅದೇ ಹಿಗ್ಗಬೇಕಾದ ಸಾಲು. ಹಿನ್ನೆಲೆಯ ನಾಲ್ಕು ಸಾಲು ಹಾಗೇ ಉಳಿದವು. ವಿಧಾನದ ಆ ಒಂದೇ ಸಾಲಿಗೆ ಮಾತ್ರ ಹಾಳೆಯ ಮೇಲೆ ಹಾಳೆ ಅಂಟಿತು.

ಅಚ್ಚಿನಲ್ಲಿ ಪೇಪರಿನ ಕ್ರಮ ಎಲ್ಲರಿಗೂ ಗೊತ್ತಿರುವುದೇ: ಪೀಠಿಕೆ, ಅಧ್ಯಯನ ಪ್ರದೇಶ, ಸಾಮಗ್ರಿ ಮತ್ತು ವಿಧಾನ, ಫಲಿತಾಂಶ, ಚರ್ಚೆ, ಮಿತಿಗಳು, ತೀರ್ಮಾನ. ಬರೆಯುವ ಕ್ರಮ ಅದಲ್ಲ. ಮೇಡಂ ವಿಧಾನದಿಂದ ಶುರು ಮಾಡಿಸಿದರು, ಆಮೇಲೆ ಟೇಬಲ್ ಮತ್ತು ಚಿತ್ರಗಳು, ಆಮೇಲೆ ಫಲಿತಾಂಶ, ಚರ್ಚೆ. ಪೀಠಿಕೆ ಅದಾದ ಮೇಲೆ. ಅಬ್‌ಸ್ಟ್ರಾಕ್ಟ್ ಎಲ್ಲಕ್ಕಿಂತ ಕೊನೆಗೆ, ಅದೂ ಹೊಸದಾಗಿ. ವಿಧಾನ ಗಟ್ಟಿಯಾಗದೆ ಯಾವ ಅಂಕಿ ಟೇಬಲ್ಲಿಗೆ ಹೋಗಬೇಕೆಂದು ತಿಳಿಯುವುದಿಲ್ಲ. ಟೇಬಲ್ ನಿಲ್ಲದೆ ಚರ್ಚೆಗೆ ಆಧಾರವಿಲ್ಲ. ಚರ್ಚೆ ಎಲ್ಲಿಗೆ ಮುಟ್ಟುತ್ತದೆ ಎನ್ನುವುದು ಗೊತ್ತಾಗದೆ ಪೀಠಿಕೆಯಲ್ಲಿ ಯಾವ ಪ್ರಶ್ನೆ ಎತ್ತಬೇಕೆನ್ನುವುದೂ ಗೊತ್ತಾಗುವುದಿಲ್ಲ.

ವಿಧಾನದ ಸಾಲು ಹೀಗಿತ್ತು: ಮುಂಗಾರಿಗೆ ಮುನ್ನ ಮತ್ತು ನಂತರ ಬೋರ್‌ವೆಲ್‌ಗಳಿಂದ ನೀರಿನ ಮಾದರಿ ಸಂಗ್ರಹಿಸಿ, ಅಯಾನ್ ಸೆಲೆಕ್ಟಿವ್ ಎಲೆಕ್ಟ್ರೋಡ್‌ನಿಂದ ಫ್ಲೋರೈಡ್ ಅಳೆಯಲಾಯಿತು. ಅಬ್‌ಸ್ಟ್ರಾಕ್ಟಿಗೆ ಅಷ್ಟು ಸಾಕು, ಏಕೆಂದರೆ ಅಲ್ಲಿ ಓದುಗ ನಮ್ಮನ್ನು ನಂಬಿ ಮುಂದೆ ಹೋಗುತ್ತಾನೆ. ಪೇಪರಿನಲ್ಲಿ ಇನ್ನೊಬ್ಬ ಅದೇ ಊರಿಗೆ ಹೋಗಿ ಅದೇ ಕೆಲಸ ಮಾಡಲು ಬರುವಂತಿರಬೇಕು. ಹಾಗಾಗಿ "ಸಂಗ್ರಹಿಸಿ" ಎಂಬ ಒಂದು ಪದದ ಒಳಗಿದ್ದದ್ದನ್ನೆಲ್ಲ ಬಿಡಿಸಿ ಇಟ್ಟೆ. ಪಂಪ್ ಚಾಲೂ ಮಾಡಿದ ತಕ್ಷಣ ಬರುವ ನೀರು ಪೈಪಿನಲ್ಲಿ ನಿಂತಿದ್ದ ನೀರು. ಅದನ್ನು ಬಿಟ್ಟು, ವಿದ್ಯುತ್ ವಾಹಕತೆಯ ರೀಡಿಂಗ್ ಒಂದು ಕಡೆ ನಿಲ್ಲುವವರೆಗೆ ಹರಿಸಿ ಆಮೇಲೆ ಬಾಟಲಿ ತುಂಬಬೇಕು. ಬಾಟಲಿ ಪಾಲಿಥಿನ್‌ನದಾಗಬೇಕು, ಫ್ಲೋರೈಡ್ ಗಾಜಿನ ಜೊತೆ ಸುಮ್ಮನಿರುವುದಿಲ್ಲ. ಪ್ರತಿ ಬೋರಿಗೂ ಎರಡು ಬಾಟಲಿ. 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿದ ನೀರಿಗೆ ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗೆ ಇಳಿಸಿದ್ದು ಕ್ಯಾಲ್ಸಿಯಂ, ಸೋಡಿಯಂಗಳಿಗೆ. ಆಮ್ಲ ಹಾಕದ್ದು ಫ್ಲೋರೈಡ್, ಕ್ಲೋರೈಡ್, ನೈಟ್ರೇಟ್‌ಗಳಿಗೆ. ಒಂದೇ ಬಾಟಲಿಯಲ್ಲಿ ಎರಡನ್ನೂ ಮಾಡಿದರೆ ನಾವೇ ಸುರಿದ ನೈಟ್ರೇಟನ್ನು ನಾವೇ ಅಳೆದಂತಾಗುತ್ತದೆ. ಪಿಎಚ್ ಮತ್ತು ಕ್ಷಾರೀಯತೆಯನ್ನು ಬೋರಿನ ಪಕ್ಕದಲ್ಲೇ ನೋಡಬೇಕು. ನೆಲದಿಂದ ಮೇಲೆ ಬಂದ ನೀರಿನಿಂದ ಕಾರ್ಬನ್ ಡೈಆಕ್ಸೈಡ್ ಹಾರಿಹೋಗುತ್ತಾ ಪಿಎಚ್ ಏರುತ್ತದೆ, ಬಾಟಲಿಯ ತಳದಲ್ಲಿ ಸುಣ್ಣ ಕೂರಲು ತೊಡಗುತ್ತದೆ. ಲ್ಯಾಬಿಗೆ ತಂದು ಮರುದಿನ ನೋಡಿದರೆ ಅದು ಪಾವಗಡದ ನೆಲದೊಳಗಿನ ನೀರಲ್ಲ, ನಮ್ಮ ಬಾಟಲಿಯ ನೀರು.

ಎಲೆಕ್ಟ್ರೋಡ್ ವಿಷಯವೂ ಹಾಗೆಯೇ. ನೀರಿನಲ್ಲಿ ಅಲ್ಯೂಮಿನಿಯಂ, ಕಬ್ಬಿಣ ಇದ್ದರೆ ಫ್ಲೋರೈಡ್ ಅವುಗಳಿಗೆ ಅಂಟಿಕೊಂಡು ಎಲೆಕ್ಟ್ರೋಡಿಗೆ ಕಾಣುವುದಿಲ್ಲ. ಅದಕ್ಕೇ ಟಿಸಾಬ್ ಎಂಬ ಬಫರನ್ನು ಮಾದರಿಯ ಸಮಪ್ರಮಾಣದಲ್ಲಿ ಬೆರೆಸುತ್ತೇವೆ. ಅದು ಫ್ಲೋರೈಡನ್ನು ಬಿಡಿಸುತ್ತದೆ, ಪಿಎಚ್ ಅನ್ನು 5ರಿಂದ 5.5ರ ಆಸುಪಾಸಿನಲ್ಲಿ ಹಿಡಿದಿಡುತ್ತದೆ, ಎಲ್ಲ ಮಾದರಿಗಳ ಲವಣಬಲವನ್ನು ಒಂದೇ ಮಟ್ಟಕ್ಕೆ ತರುತ್ತದೆ. ಎಲೆಕ್ಟ್ರೋಡ್ ಸರಿ ಇದೆಯೋ ಇಲ್ಲವೋ ತಿಳಿಯುವುದು ಸ್ಲೋಪ್ ನೋಡಿ. ಫ್ಲೋರೈಡ್ ಹತ್ತು ಪಟ್ಟಾದಾಗ ಮೀಟರ್ ಸುಮಾರು 59 ಮಿಲಿವೋಲ್ಟ್ ಇಳಿಯಬೇಕು, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದು ಐವತ್ತಕ್ಕೆ ಇಳಿದಿದ್ದರೆ ಆ ದಿನದ ರೀಡಿಂಗ್‌ಗಳನ್ನು ನಂಬುವಂತಿಲ್ಲ. ಈ ಮಾಹಿತಿಯೆಲ್ಲ ನನ್ನ ಲ್ಯಾಬ್ ನೋಟ್‌ಬುಕ್ಕಿನಲ್ಲಿ ಇತ್ತು, ಅಬ್‌ಸ್ಟ್ರಾಕ್ಟಿನಲ್ಲಿ ಎಲ್ಲೂ ಇರಲಿಲ್ಲ. ಬ್ಲ್ಯಾಂಕ್, ಡೂಪ್ಲಿಕೇಟ್, ಗೊತ್ತಿರುವಷ್ಟು ಫ್ಲೋರೈಡ್ ಸೇರಿಸಿ ಎಷ್ಟು ವಾಪಸ್ ಸಿಕ್ಕಿತೆಂದು ನೋಡುವ ರಿಕವರಿ ಪರೀಕ್ಷೆ, ಇವನ್ನೂ ಅದೇ ನೋಟ್‌ಬುಕ್ಕಿನಿಂದ ಎತ್ತಿ ಬರೆದೆ. ಪೂರ್ಣ ಪೇಪರ್ ಬರೆಯುವವನ ಕೈಗೆ ಬೇಕಾದದ್ದು ಅಬ್‌ಸ್ಟ್ರಾಕ್ಟಿನ ಫೈಲ್ ಅಲ್ಲ, ನೋಟ್‌ಬುಕ್.

ವಿಧಾನದ ಕೊನೆಯ ಪ್ಯಾರಾದಲ್ಲಿ ಅಯಾನುಗಳ ತಾಳೆ ಬರುತ್ತದೆ. ನನ್ನ ಪೇಪರಿನ ರೂಪವನ್ನು ಬದಲಿಸಿದ್ದು ಈ ಪ್ಯಾರಾ. ನೀರಿನಲ್ಲಿ ಧನ ಅಯಾನುಗಳ ಒಟ್ಟು ಚಾರ್ಜ್ ಮತ್ತು ಋಣ ಅಯಾನುಗಳ ಒಟ್ಟು ಚಾರ್ಜ್ ಸಮ ಇರಲೇಬೇಕು. ನಾವು ಅಳೆದ ಲೆಕ್ಕದಲ್ಲಿ ಇವೆರಡರ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿ ಶೇಕಡಾದಲ್ಲಿ ಬರೆದರೆ, ಅದು ಪ್ಲಸ್ ಅಥವಾ ಮೈನಸ್ 5ರೊಳಗೆ ಇರಬೇಕೆನ್ನುವುದು ರೂಢಿ. ಒಂದು ಬೋರಿನ ಲೆಕ್ಕವನ್ನು ಸರಳ ಮಾಡಿ ಹೇಳುತ್ತೇನೆ. ಅಂಕಿಗಳು ಲೀಟರಿಗೆ ಮಿಲಿ ಈಕ್ವಿವಲೆಂಟ್‌ಗಳಲ್ಲಿ. ಕ್ಯಾಲ್ಸಿಯಂ 1.0, ಮೆಗ್ನೀಸಿಯಂ 2.0, ಸೋಡಿಯಂ 8.0, ಪೊಟ್ಯಾಸಿಯಂ 0.1, ಒಟ್ಟು 11.1. ಆ ಕಡೆ ಬೈಕಾರ್ಬೊನೇಟ್ 6.0, ಕ್ಲೋರೈಡ್ 3.0, ಸಲ್ಫೇಟ್ 0.5, ಫ್ಲೋರೈಡ್ 0.2, ಒಟ್ಟು 9.7. ವ್ಯತ್ಯಾಸ 1.4, ಮೊತ್ತ 20.8, ಅಂದರೆ ಶೇ 6.7. ತಾಳೆಯಾಗಲಿಲ್ಲ. ಋಣ ಅಯಾನುಗಳ ಕಡೆ ಏನೋ ಬಿಟ್ಟುಹೋಗಿದೆ ಎಂದು ಲೆಕ್ಕವೇ ಹೇಳುತ್ತಿತ್ತು.

ಬಿಟ್ಟುಹೋಗಿದ್ದು ನೈಟ್ರೇಟ್. ಅಯಾನ್ ಕ್ರೊಮ್ಯಾಟೊಗ್ರಾಫ್ ಕ್ಲೋರೈಡ್ ಜೊತೆ ಅದನ್ನೂ ಅಳೆದು ಕೊಟ್ಟಿತ್ತು. ಅಬ್‌ಸ್ಟ್ರಾಕ್ಟ್ ಇದ್ದದ್ದು ಫ್ಲೋರೈಡ್ ಬಗ್ಗೆಯಾದ್ದರಿಂದ ಎರಡು ಪುಟದ ಟೇಬಲ್ಲಿನಲ್ಲಿ ಅದಕ್ಕೆ ಜಾಗವಿರಲಿಲ್ಲ. ಆ ಬೋರಿನಲ್ಲಿ ನೈಟ್ರೇಟ್ ಲೀಟರಿಗೆ 62 ಮಿಲಿಗ್ರಾಂ ಇತ್ತು, ಅಂದರೆ 1.0 ಮಿಲಿ ಈಕ್ವಿವಲೆಂಟ್. ಸೇರಿಸಿದರೆ ಋಣ ಅಯಾನುಗಳು 10.7, ವ್ಯತ್ಯಾಸ 0.4, ಶೇ 1.8. ತಾಳೆ ಬಂತು. ಆದರೆ ತಾಳೆಯೊಂದಿಗೆ ಇನ್ನೊಂದು ವಿಷಯವೂ ಬಂತು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ನೈಟ್ರೇಟ್ ಮಿತಿ 45 ಮಿಲಿಗ್ರಾಂ. ಆ ನೀರು ಫ್ಲೋರೈಡ್‌ನಲ್ಲಿ ಮಾತ್ರವಲ್ಲ, ನೈಟ್ರೇಟ್‌ನಲ್ಲೂ ಮಿತಿ ಮೀರಿತ್ತು. ಫ್ಲೋರೈಡ್ ಬಂಡೆಯಿಂದ ಬರುವಂಥದ್ದು, ನೈಟ್ರೇಟ್ ತಿಪ್ಪೆ, ಕೊಟ್ಟಿಗೆ, ಗೊಬ್ಬರದಿಂದ ಇಳಿಯುವಂಥದ್ದು. ಎರಡೂ ಒಂದೇ ಬೋರಿನಲ್ಲಿ ಸಿಕ್ಕರೆ, ಮೇಲಿನ ನೀರು ಕೆಳಗಿನ ನೀರಿನೊಂದಿಗೆ ಬೆರೆಯುತ್ತಿದೆ ಎಂದು ಅನುಮಾನಿಸಬೇಕು. ಅಬ್‌ಸ್ಟ್ರಾಕ್ಟಿನಲ್ಲಿ ಹೆಸರೇ ಇಲ್ಲದಿದ್ದ ನೈಟ್ರೇಟ್ ಪೇಪರಿನ ಫಲಿತಾಂಶದಲ್ಲಿ ಸ್ವಂತ ಪ್ಯಾರಾ ಪಡೆಯಿತು. ಕ್ರಮ ತಪ್ಪಿಸಿ ಚರ್ಚೆಯನ್ನೇ ಮೊದಲು ಬರೆದಿದ್ದರೆ ಈ ಮಾತು ಹೊಳೆಯುತ್ತಲೇ ಇರಲಿಲ್ಲ.

ಫಲಿತಾಂಶ ಮತ್ತು ಚರ್ಚೆಯನ್ನು ಬೇರೆ ಮಾಡುವುದು ಅಬ್‌ಸ್ಟ್ರಾಕ್ಟಿನಿಂದ ಹೊರಟವರಿಗೆ ನಿಜಕ್ಕೂ ಕಷ್ಟ. ಚಿಕ್ಕ ಜಾಗದಲ್ಲಿ ಕಂಡದ್ದೂ ಅರ್ಥ ಮಾಡಿಕೊಂಡದ್ದೂ ಒಂದೇ ವಾಕ್ಯದಲ್ಲಿ ಹೆಣೆದುಕೊಂಡಿರುತ್ತವೆ. "ಕ್ಯಾಲ್ಸಿಯಂ ಕೊರತೆಯಿಂದ ಫ್ಲೋರೈಡ್ ಹೆಚ್ಚಿದೆ" ಎಂದು ನನ್ನ ಅಬ್‌ಸ್ಟ್ರಾಕ್ಟ್ ಹೇಳಿತ್ತು. ಮೇಡಂ ಆ ವಾಕ್ಯವನ್ನು ಕತ್ತರಿಸಿ ಎರಡು ಮಾಡಿದರು. ಕ್ಯಾಲ್ಸಿಯಂ ಕಡಿಮೆ ಇರುವ ಬೋರುಗಳಲ್ಲಿ ಫ್ಲೋರೈಡ್ ಹೆಚ್ಚು ಕಂಡಿತು ಎನ್ನುವುದು ಫಲಿತಾಂಶ. ಗ್ರಾಫ್ ಹಾಕಿ, ಚುಕ್ಕಿಗಳನ್ನು ತೋರಿಸಿ, ಸುಮ್ಮನಾಗಬೇಕು. "ಕೊರತೆಯಿಂದ" ಎನ್ನುವ ಪದದ ಪ್ರತ್ಯಯದಲ್ಲಿ ಒಂದು ಕಾರಣ ಕೂತಿದೆ. ಆ ಕಾರಣವನ್ನು ಚರ್ಚೆಯಲ್ಲಿ ಸಾಧಿಸಿ ತೋರಿಸಬೇಕು.

ಸಾಧಿಸುವುದು ಹೇಗೆ? ಫ್ಲೋರೈಟ್ ಎಂಬ ಖನಿಜ ಕ್ಯಾಲ್ಸಿಯಂ ಮತ್ತು ಫ್ಲೋರೈಡ್ ಸೇರಿ ಆದದ್ದು. ನೀರಿನಲ್ಲಿ ಇವೆರಡೂ ಒಟ್ಟಿಗೆ ಎಷ್ಟು ಇರಬಹುದೆನ್ನುವುದಕ್ಕೆ ಒಂದು ಮಿತಿ ಇದೆ: ಕ್ಯಾಲ್ಸಿಯಂ ಸಾಂದ್ರತೆಯನ್ನು ಫ್ಲೋರೈಡ್ ಸಾಂದ್ರತೆಯ ವರ್ಗದಿಂದ ಗುಣಿಸಿದರೆ ಬರುವ ಅಂಕಿ, 25 ಡಿಗ್ರಿಯಲ್ಲಿ, ಸುಮಾರು 10ರ ಮೈನಸ್ 10.6ನೇ ಘಾತವನ್ನು ದಾಟಬಾರದು. ದಾಟಿದರೆ ಫ್ಲೋರೈಟ್ ಹರಳುಗಟ್ಟಿ ಕೆಳಗೆ ಕೂರಬೇಕು. ಲೀಟರಿಗೆ 80 ಮಿಲಿಗ್ರಾಂ ಕ್ಯಾಲ್ಸಿಯಂ ಇರುವ ನೀರಿಗೆ ಈ ಲೆಕ್ಕ ಹಾಕಿದರೆ ಫ್ಲೋರೈಡ್ ಸುಮಾರು 2.1 ಮಿಲಿಗ್ರಾಂವರೆಗೆ ಏರಬಹುದು. ಕ್ಯಾಲ್ಸಿಯಂ 20ಕ್ಕೆ ಇಳಿದರೆ ಫ್ಲೋರೈಡ್ ಮಿತಿ ಸುಮಾರು 4.2ಕ್ಕೆ ಹೋಗುತ್ತದೆ. ಕ್ಯಾಲ್ಸಿಯಂ ಕಾಲು ಭಾಗವಾದರೆ ಫ್ಲೋರೈಡಿಗೆ ಜಾಗ ಎರಡರಷ್ಟು. ನಾನು ಮೇಲೆ ಲೆಕ್ಕ ಕೊಟ್ಟ ಬೋರಿನಲ್ಲಿ ಕ್ಯಾಲ್ಸಿಯಂ 20, ಫ್ಲೋರೈಡ್ 3.8 ಮಿಲಿಗ್ರಾಂ; ಮಿತಿಯ ಹತ್ತಿರ, ಆದರೆ ಒಳಗೆ. ಇತರ ಲವಣಗಳ ಪ್ರಭಾವವನ್ನೂ ಲೆಕ್ಕಕ್ಕೆ ಹಿಡಿದರೆ ಮಿತಿ ಇನ್ನೂ ಸ್ವಲ್ಪ ಮೇಲೇರುತ್ತದೆ, ಅದಕ್ಕೆ ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯವರ ಉಚಿತ ಪ್ರೋಗ್ರಾಂ PHREEQC ಬಳಸಿದೆ.

ಹಾಗಾದರೆ ಕ್ಯಾಲ್ಸಿಯಂ ಎಲ್ಲಿ ಹೋಯಿತು ಎನ್ನುವುದು ಚರ್ಚೆಯ ಎರಡನೇ ಮೆಟ್ಟಿಲು. ಒಣ ನಾಡಿನಲ್ಲಿ ನೀರು ಆವಿಯಾಗುತ್ತಾ ಕ್ಯಾಲ್ಸಿಯಂ ಮಣ್ಣಿನಲ್ಲಿ ಸುಣ್ಣದ ಗಂಟುಗಳಾಗಿ ಕೂರುತ್ತದೆ. ಹೊಲ ಅಗೆದಾಗ ಸಿಗುವ ಬಿಳಿ ಸುಣ್ಣಕಲ್ಲು ಅದೇ. ಜೇಡಿಯ ಕಣಗಳು ಕ್ಯಾಲ್ಸಿಯಂ ಹಿಡಿದುಕೊಂಡು ಸೋಡಿಯಂ ಬಿಡುವುದೂ ಉಂಟು. ಆ ಬೋರಿನ ಸೋಡಿಯಂ 8.0, ಕ್ಲೋರೈಡ್ 3.0 ಎನ್ನುವುದನ್ನು ಮತ್ತೆ ನೋಡಿ. ಉಪ್ಪಿನಿಂದ ಬಂದ ಸೋಡಿಯಂ ಆದರೆ ಎರಡೂ ಸಮನಾಗಿ ಇರಬೇಕಿತ್ತು. ಹೆಚ್ಚಿನ ಸೋಡಿಯಂ ಬಂಡೆ ಸವೆದು ಬಂದಿರಬಹುದು, ವಿನಿಮಯದಿಂದಲೂ ಬಂದಿರಬಹುದು. ಎರಡರಲ್ಲಿ ಯಾವುದು ಎಷ್ಟು ಎಂದು ಹೇಳಲು ನನ್ನ ಮಾಹಿತಿ ಸಾಲದು, ಹಾಗೆಂದೇ ಬರೆದೆ. ಇನ್ನು ಫ್ಲೋರೈಡ್ ಮೂಲ. ಪಾವಗಡದ ಕೆಳಗೆ ಇರುವುದು ಕ್ಲೋಸ್‌ಪೇಟ್ ಗ್ರಾನೈಟ್ ಮತ್ತು ಅದರ ಸುತ್ತಲಿನ ನೈಸ್ ಬಂಡೆ. ರಾಮನಗರದ ಹಳೆಯ ಹೆಸರು ಹೊತ್ತ ಈ ಗ್ರಾನೈಟ್ ಪಟ್ಟಿ ಅಲ್ಲಿಂದ ಉತ್ತರಕ್ಕೆ ಹೋಗುತ್ತದೆ. ಅದರೊಳಗಿನ ಕಪ್ಪು ಅಭ್ರಕ, ಅಂದರೆ ಬಯೊಟೈಟ್, ತನ್ನಲ್ಲಿ ಫ್ಲೋರೈಡ್ ಇಟ್ಟುಕೊಂಡಿರುತ್ತದೆ. ನೀರು ಕ್ಷಾರೀಯವಾದಾಗ ಹೈಡ್ರಾಕ್ಸಿಲ್ ಅಯಾನು ಅದೇ ಗಾತ್ರದ ಫ್ಲೋರೈಡಿನ ಜಾಗಕ್ಕೆ ಬಂದು ಅದನ್ನು ಹೊರಗೆ ಕಳಿಸುತ್ತದೆ.

ಅಬ್‌ಸ್ಟ್ರಾಕ್ಟಿನ ಒಂದು ಸಾಲು ಮಾತ್ರ ಫಲಿತಾಂಶದಲ್ಲೂ ಕೂರಲಿಲ್ಲ, ಚರ್ಚೆಯಲ್ಲೂ ಕೂರಲಿಲ್ಲ. ಆಳವಾದ ಬೋರ್‌ಗಳಲ್ಲಿ ಫ್ಲೋರೈಡ್ ಹೆಚ್ಚು ಎನ್ನುವ ಸಾಲು. ಆಳದ ಅಂಕಿ ನನಗೆ ಸಿಕ್ಕಿದ್ದು ಪಂಚಾಯಿತಿಯ ವಾಟರ್‌ಮ್ಯಾನ್‌ಗಳಿಂದ ಮತ್ತು ರೈತರಿಂದ. ಒಂದು ಊರಿನಲ್ಲಿ ವಾಲ್ವ್ ತಿರುಗಿಸುತ್ತಾ ಹೇಳಿದ ವಾಟರ್‌ಮ್ಯಾನ್ ಮಾತು ನೋಟ್‌ಬುಕ್ಕಿನಲ್ಲಿ ಹಾಗೇ ಬರೆದುಕೊಂಡಿದ್ದೆ: "ಆರ್ನೂರೈವತ್ತು ಅಡಿ ಅಂತಾರೆ ಸಾರ್. ಆದ್ರೆ ನೀರು ಬಂದಿದ್ದು ಮುನ್ನೂರ್ರಲ್ಲೇ. ಇನ್ನೂ ಸಿಕ್ತದೆ ಅಂತ ಕೊರೆಸ್ತಾ ಹೋದ್ರು." ಗಟ್ಟಿ ಬಂಡೆಯ ಬೋರಿನಲ್ಲಿ ಕೇಸಿಂಗ್ ಪೈಪ್ ಇರುವುದು ಮೇಲಿನ ಸಡಿಲ ಮಣ್ಣು, ಸವೆದ ಬಂಡೆ ಮುಗಿಯುವವರೆಗೆ ಮಾತ್ರ. ಕೆಳಗೆಲ್ಲ ಬರಿ ಬಂಡೆಯ ಕೊಳವೆ. ಎಲ್ಲೆಲ್ಲಿ ಬಿರುಕಿದೆಯೋ ಅಲ್ಲಲ್ಲಿಂದ ನೀರು ಒಳಬಂದು ಬೆರೆಯುತ್ತದೆ. ಕೊರೆದ ಆಳ ನೀರಿನ ಆಳವಲ್ಲ. ಆ ವಾಟರ್‌ಮ್ಯಾನ್ ಹೇಳಿದ ಎರಡು ಮಾತಿನಲ್ಲಿ ನನ್ನ ಮಿತಿಗಳ ಸೆಕ್ಷನ್ ಸಿಕ್ಕಿತು: ಆಳ ಮತ್ತು ಫ್ಲೋರೈಡ್ ನಡುವೆ ಒಂದು ಒಲವು ಕಂಡಿದೆ, ಆದರೆ ಆಳದ ಮಾಹಿತಿ ಬಾಯಿಮಾತಿನದು, ಬೋರಿನ ನೀರು ಹಲವು ಬಿರುಕುಗಳ ಮಿಶ್ರಣ, ಆದ್ದರಿಂದ ಬಿರುಕು ಬಿರುಕಿನಿಂದ ಬೇರೆಯಾಗಿ ಮಾದರಿ ತೆಗೆದವರು ಮಾತ್ರ ಇದನ್ನು ಖಚಿತವಾಗಿ ಹೇಳಬಲ್ಲರು. ಮಿತಿಗಳನ್ನು ತೀರ್ಮಾನದ ಕೊನೆಗೆ ಅಂಟಿಸದೆ ಚರ್ಚೆ ಮುಗಿದ ಕೂಡಲೇ ಇಟ್ಟೆವು. ತೀರ್ಮಾನ ಓದುವ ಹೊತ್ತಿಗೆ ಯಾವ ಮಾತು ಎಷ್ಟು ಗಟ್ಟಿ ಎನ್ನುವುದು ಓದುಗನಿಗೆ ಮೊದಲೇ ಗೊತ್ತಿರಬೇಕು.

ಇಷ್ಟಾದ ಮೇಲೆ ಪೀಠಿಕೆ. "ನೀರು ಜೀವದ ಆಧಾರ" ಎಂದು ಶುರುವಾಗುವ ಪೇಪರ್‌ಗಳ ರಾಶಿಯೇ ನಮ್ಮ ಕ್ಷೇತ್ರದಲ್ಲಿದೆ. ಮೇಡಂ ಅಂಥ ಸಾಲಿಗೆ ಬಾಗಿಲಲ್ಲೇ ತಡೆ ಹಾಕಿದ್ದರು. ಪೀಠಿಕೆ ನಮ್ಮ ಪ್ರಶ್ನೆಗೆ ಎಷ್ಟು ಬೇಕೋ ಅಷ್ಟು ಹಿಂದಿನಿಂದ ಹೊರಡಬೇಕು. ನಾನು ಹೊರಟದ್ದು 1937ರಿಂದ. ಆಗಿನ ಮದ್ರಾಸ್ ಪ್ರಾಂತ್ಯದ ಹಳ್ಳಿಗಳಲ್ಲಿ ಫ್ಲೋರೈಡಿನಿಂದ ಮೂಳೆ ಬಿಗಿದು ಬಾಗುವ ರೋಗವನ್ನು ಶಾರ್ಟ್ ಮತ್ತು ಸಂಗಡಿಗರು ವಿವರಿಸಿದ ವರ್ಷ ಅದು. ಅಲ್ಲಿಂದ ಮಾನಕಕ್ಕೆ ಬಂದೆ: ನಮ್ಮಲ್ಲಿ ಒಪ್ಪಬಹುದಾದ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರಿಲ್ಲದಿದ್ದರೆ 1.5ರವರೆಗೆ. ಅಲ್ಲಿಂದ ಗಟ್ಟಿ ಬಂಡೆಯ ಪ್ರದೇಶಗಳಲ್ಲಿ ಇತರರು ಕಂಡುಕೊಂಡದ್ದಕ್ಕೆ. ಕೊನೆಯ ಪ್ಯಾರಾದಲ್ಲಿ ಅವರು ಬಿಟ್ಟ ಜಾಗ ಮತ್ತು ನಮ್ಮ ಪ್ರಶ್ನೆ: ಈ ನೀರಿನಲ್ಲಿ ಫ್ಲೋರೈಡನ್ನು ತಡೆಯುತ್ತಿರುವುದು ಕ್ಯಾಲ್ಸಿಯಂ ಹೌದೇ, ಮೇಲಿನಿಂದ ಇಳಿಯುವ ನೀರು ಅದಕ್ಕೆ ಏನು ಮಾಡುತ್ತಿದೆ? ಪ್ರಶ್ನೆಯ ಎರಡನೇ ಅರ್ಧ ಅಬ್‌ಸ್ಟ್ರಾಕ್ಟ್ ಕಳಿಸಿದಾಗ ಹುಟ್ಟಿಯೇ ಇರಲಿಲ್ಲ. ನೈಟ್ರೇಟ್ ಅದನ್ನು ತಂದುಕೊಟ್ಟಿತ್ತು. ಅಧ್ಯಯನ ಪ್ರದೇಶದ ಸೆಕ್ಷನ್ ಮಾತ್ರ ಬೇಗ ಮುಗಿಯಿತು: ಕಲ್ಲು, ಮಣ್ಣು, ಮಳೆ, ನಕ್ಷೆ. ತಾಲ್ಲೂಕಿನ ಇತಿಹಾಸ, ದೇವಸ್ಥಾನ, ಜನಸಂಖ್ಯೆ ಬೇಡ. ಚರ್ಚೆಯಲ್ಲಿ ಬಳಕೆಯಾಗದ ಸಂಗತಿಗೆ ಅಲ್ಲಿ ಜಾಗವಿಲ್ಲ.

ಎಕ್ಸ್‌ಟೆಂಡೆಡ್ ಅಬ್‌ಸ್ಟ್ರಾಕ್ಟ್ ಒಮ್ಮೆ ಸಮ್ಮೇಳನದ ಸಂಪುಟದಲ್ಲಿ ಅಚ್ಚಾಗಿದ್ದರೆ ಅದು ಪ್ರಕಟಿತ ಬರಹವೇ. ಇದನ್ನು ಮರೆಯುವ ಹುಡುಗರನ್ನು ನಾನು ಇಂದಿಗೂ ಕಾಣುತ್ತೇನೆ. ಅದರ ವಾಕ್ಯಗಳನ್ನು ಹಾಗೇ ಎತ್ತಿ ಪೇಪರಿಗೆ ಹಾಕಿದರೆ, ಸ್ವಂತದ್ದಾದರೂ ಅದು ಮರುಬಳಕೆ. ಜರ್ನಲ್ಲಿನ ಹೋಲಿಕೆ ಪರೀಕ್ಷೆಯಲ್ಲಿ ಮೊದಲು ಕಾಣುವುದೂ ಅದೇ. ಸಂಪುಟದ ಹಕ್ಕು ಪ್ರಕಾಶಕರದ್ದಾದರೆ ನಕ್ಷೆಯನ್ನು ಮತ್ತೆ ಬಳಸಲು ಅನುಮತಿ ಕೇಳಬೇಕಾಗುತ್ತದೆ. ಹಳೆಯ ಬರಹವನ್ನು ಪೇಪರಿನಲ್ಲಿ ಉಲ್ಲೇಖಿಸಬೇಕು, ಸಂಪಾದಕರಿಗೆ ಬರೆಯುವ ಪತ್ರದಲ್ಲಿ ಯಾವುದು ಹಳೆಯದು, ಯಾವುದು ಹೊಸದು ಎಂದು ಬಿಡಿಸಿ ಹೇಳಬೇಕು. ಕಂಪ್ಯೂಟರ್ ವಿಜ್ಞಾನದಂಥ ಕ್ಷೇತ್ರಗಳಲ್ಲಿ ಕನಿಷ್ಠ ಶೇ 30ರಷ್ಟು ಹೊಸ ವಿಷಯ ಇರಬೇಕೆಂಬ ರೂಢಿಯನ್ನು ಹಲವು ಜರ್ನಲ್‌ಗಳು ಪಾಲಿಸುತ್ತವೆ. ನಮ್ಮ ಪತ್ರದಲ್ಲಿ ಶೇಕಡಾ ಬರೆಯಲಿಲ್ಲ. ಅಯಾನುಗಳ ತಾಳೆ, ನೈಟ್ರೇಟ್, ಫ್ಲೋರೈಟ್ ಮಿತಿಯ ಲೆಕ್ಕ, ಆಳದ ಕುರಿತ ಮಿತಿ, ಈ ನಾಲ್ಕು ಹೊಸವು ಎಂದು ಹೆಸರಿಸಿ ಬರೆದೆವು.

ಅಬ್‌ಸ್ಟ್ರಾಕ್ಟನ್ನು ಎಲ್ಲಕ್ಕಿಂತ ಕೊನೆಗೆ, ಹಳೆಯದನ್ನು ಎದುರಿಗಿಟ್ಟುಕೊಳ್ಳದೆ, ಮುಗಿದ ಪೇಪರಿನಿಂದ ಮಾತ್ರ ತೆಗೆದು ಬರೆದೆ. ಜರ್ನಲ್ ಕೊಟ್ಟದ್ದು 250 ಪದದ ಜಾಗ. ಆಳದ ಸಾಲು ಅದರಲ್ಲಿ ಇರಲಿಲ್ಲ. "ಕೊರತೆಯಿಂದ" ಎನ್ನುವ ಪದ ಉಳಿದಿತ್ತು, ಅದರ ಹಿಂದೆ ಈಗ ಒಂದು ಲೆಕ್ಕ ನಿಂತಿತ್ತು. ವಿಮರ್ಶಕರೊಬ್ಬರು ಕ್ಷಾರೀಯತೆ ಎಲ್ಲಿ ಅಳೆದಿರಿ, ಟಿಸಾಬ್ ಯಾವ ಪ್ರಮಾಣದಲ್ಲಿ ಎಂದು ಕೇಳಿದಾಗ, ಸೆಕ್ಷನ್ ನಂಬರ್ ಬರೆದು ಕಳಿಸಿದೆವು. ಇನ್ನೊಬ್ಬರು ನೈಟ್ರೇಟಿನ ಬಗ್ಗೆ ಇನ್ನೊಂದು ಗ್ರಾಫ್ ಬೇಕೆಂದರು. ಫ್ಲೋರೈಡ್ ಒಂದು ಅಕ್ಷದಲ್ಲಿ, ನೈಟ್ರೇಟ್ ಇನ್ನೊಂದರಲ್ಲಿ ಇಟ್ಟು, ಮಳೆಗೆ ಮುಂಚಿನ ಬೋರುಗಳಿಗೆ ಖಾಲಿ ವೃತ್ತ, ಮಳೆ ನಂತರದವಕ್ಕೆ ತುಂಬಿದ ವೃತ್ತ ಹಾಕಿ ಅದನ್ನು ಸೇರಿಸಿದೆವು.